ಅರ್ಧ ಇಂಚಿನ ಪೈಪ್‌ನಲ್ಲಿ ಆ ಅರ್ಧ ಇಂಚು ಎಲ್ಲಿದೆ? ಹೆಸರಿನ ಅಳತೆಗೂ ನಿಜವಾದ ಅಳತೆಗೂ ಇರುವ ವ್ಯತ್ಯಾಸ ತಿಳಿಯಿರಿ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅರ್ಧ ಇಂಚಿನ ಜಿಐ ಪೈಪ್‌ನ ತುಂಡೊಂದನ್ನು ಕೈಗೆತ್ತಿಕೊಳ್ಳಿ. ಅರ್ಧ ಇಂಚು ಎಂದರೆ 12.7 ಮಿ.ಮೀ. ಆದರೆ ಆ ಪೈಪ್‌ನ ಹೊರವ್ಯಾಸ ಅಳೆದರೆ ಸುಮಾರು 21.3 ಮಿ.ಮೀ. ಬರುತ್ತದೆ. ಒಳವ್ಯಾಸ ಅಳೆದರೆ ಸುಮಾರು 16 ಮಿ.ಮೀ. ಎರಡೂ ಅರ್ಧ ಇಂಚಲ್ಲ. ಪಕ್ಕದಲ್ಲೇ ಇರುವ ಅರ್ಧ ಇಂಚಿನ ಸಿಪಿವಿಸಿ ಪೈಪ್‌ನ ಹೊರವ್ಯಾಸ 15.9 ಮಿ.ಮೀ. ಅಂದರೆ ಒಂದೇ ಹೆಸರಿನ ಎರಡು ಪೈಪ್‌ಗಳಲ್ಲಿ ಒಂದು ಇನ್ನೊಂದರ ಒಳಗೇ ಹೆಚ್ಚುಕಡಿಮೆ ತೂರಿಕೊಳ್ಳುತ್ತದೆ!

ಅಂಗಡಿಯವರು ಮೋಸ ಮಾಡುತ್ತಿಲ್ಲ, ಪೈಪ್ ಕೂಡ ಕಳಪೆಯಲ್ಲ. ಪೈಪ್‌ನ ಇಂಚು ಒಂದು ಹೆಸರೇ ಹೊರತು ಅಳತೆಯಲ್ಲ. ಇದನ್ನು ತಿಳಿಯದೆ ಹಳೆಯ ಫ್ಲಾಟ್‌ನ ಪೈಪ್ ಬದಲಿಸಿದವರು ಶವರ್‌ನಲ್ಲಿ ನೀರೇ ಬರುತ್ತಿಲ್ಲ ಎಂದು ಗೋಳಾಡುತ್ತಾರೆ. ಪಂಪ್ ಲೈನ್ ಜೋಡಿಸಿದವರು ಕೆಲವೇ ತಿಂಗಳಲ್ಲಿ ಜಾಯಿಂಟ್ ಕಳಚಿತೆಂದು ಮತ್ತೆ ಗೋಡೆ ಒಡೆಸುತ್ತಾರೆ. ಇವೆರಡರ ಹಿಂದಿನ ಲೆಕ್ಕಾಚಾರ ಇಲ್ಲಿದೆ.

ಹೆಸರು ಎಲ್ಲಿಂದ ಬಂತು?

19ನೇ ಶತಮಾನದಲ್ಲಿ ಕಬ್ಬಿಣದ ಪೈಪ್‌ಗಳು ಮಾರುಕಟ್ಟೆಗೆ ಬಂದಾಗ ಇಂಚಿನ ಲೆಕ್ಕ ಒಳವ್ಯಾಸದ್ದಾಗಿತ್ತು. ಎಷ್ಟು ಉಗಿ, ಗ್ಯಾಸ್ ಅಥವಾ ನೀರು ಹೋಗುತ್ತದೆ ಎನ್ನುವುದೇ ಆಗ ಮುಖ್ಯ. ಅಮೆರಿಕದ ಫಿಲಡೆಲ್ಫಿಯಾದ ಪಾಸ್ಕಲ್ ಐರನ್ ವರ್ಕ್ಸ್‌ನಲ್ಲಿದ್ದ ರಾಬರ್ಟ್ ಬ್ರಿಗ್ಸ್ 1862ರ ಸುಮಾರಿಗೆ ಪೈಪ್ ಮತ್ತು ಅದರ ಥ್ರೆಡ್‌ನ ಅಳತೆಗಳನ್ನು ಒಂದು ಕ್ರಮಕ್ಕೆ ತಂದರು. ಬ್ರಿಟನ್‌ನಲ್ಲಿ ಜೋಸೆಫ್ ವಿಟ್ವರ್ತ್ 1841ರಲ್ಲಿ ಮಂಡಿಸಿದ ಥ್ರೆಡ್ ಪದ್ಧತಿಯಿಂದ ಅಲ್ಲಿನ ಪೈಪ್ ಥ್ರೆಡ್ ಬೆಳೆಯಿತು.

ಥ್ರೆಡ್ ಹಾಕುವುದು ಪೈಪ್‌ನ ಹೊರಮೈಗೆ. ಎಲ್ಬೋ, ಟೀ, ಸಾಕೆಟ್ ಎಲ್ಲವೂ ಹಿಡಿಯುವುದು ಹೊರಮೈಯನ್ನೇ. ಮುಂದೆ ಉಕ್ಕು ಸುಧಾರಿಸಿ ತೆಳು ಗೋಡೆಯ ಪೈಪ್ ಮಾಡಲು ಸಾಧ್ಯವಾದಾಗ ತಯಾರಕರ ಮುಂದೆ ಎರಡು ದಾರಿಗಳಿದ್ದವು. ಒಳವ್ಯಾಸವನ್ನು ಹಾಗೇ ಉಳಿಸಿ ಹೊರವ್ಯಾಸ ಕಡಿಮೆ ಮಾಡುವುದು ಒಂದು. ಹಾಗೆ ಮಾಡಿದ್ದರೆ ಅಲ್ಲಿಯವರೆಗಿನ ಎಲ್ಲ ಫಿಟ್ಟಿಂಗ್, ಎಲ್ಲ ಡೈ ನಿರುಪಯುಕ್ತವಾಗುತ್ತಿದ್ದವು. ಹೊರವ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡು ಒಳಗಿನ ರಂಧ್ರ ದೊಡ್ಡದಾಗಲು ಬಿಡುವುದು ಇನ್ನೊಂದು. ಉದ್ಯಮ ಎರಡನೆಯದನ್ನು ಆರಿಸಿಕೊಂಡಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಹೀಗಾಗಿ 2 ಇಂಚಿನ ಉಕ್ಕಿನ ಪೈಪ್‌ನ ಹೊರವ್ಯಾಸ ಇವತ್ತಿಗೂ 60.3 ಮಿ.ಮೀ. 4 ಇಂಚಿನದು 114.3 ಮಿ.ಮೀ. ದಪ್ಪ ಗೋಡೆಯ ಪೈಪ್ ಕೊಂಡರೂ, ತೆಳು ಗೋಡೆಯದನ್ನು ಕೊಂಡರೂ ಹೊರವ್ಯಾಸ ಬದಲಾಗದು, ಒಳವ್ಯಾಸವಷ್ಟೇ ಬದಲಾಗುತ್ತದೆ. 12 ಇಂಚಿನವರೆಗೂ ಇದೇ ಕಥೆ. 14 ಇಂಚಿನಿಂದ ಮೇಲಕ್ಕೆ ಮಾತ್ರ ಹೆಸರೂ ಹೊರವ್ಯಾಸವೂ ಒಂದೇ: 14 ಇಂಚಿನ ಉಕ್ಕಿನ ಪೈಪ್‌ನ ಹೊರವ್ಯಾಸ 355.6 ಮಿ.ಮೀ., ಅಂದರೆ ಸರಿಯಾಗಿ 14 ಇಂಚು.

ಮೆಟ್ರಿಕ್ ಪದ್ಧತಿ ಬಂದಾಗ ಇದೇ ಪೈಪ್‌ಗೆ ಮಿ.ಮೀ. ಹೆಸರು ಸಿಕ್ಕಿತು. ಅರ್ಧ ಇಂಚಿಗೆ 15, ಮುಕ್ಕಾಲು ಇಂಚಿಗೆ 20, ಒಂದು ಇಂಚಿಗೆ 25, ಎರಡು ಇಂಚಿಗೆ 50. ಅಂಗಡಿಯಲ್ಲಿ ‘50 ಎನ್‌ಬಿ’ ಎನ್ನುವುದು ಇದನ್ನೇ. ಇದೂ ಹೆಸರೇ. 50 ಎನ್‌ಬಿ ಪೈಪ್‌ನಲ್ಲಿ ಎಲ್ಲಿ ಅಳೆದರೂ ಸರಿಯಾಗಿ 50 ಮಿ.ಮೀ. ಸಿಗುವುದಿಲ್ಲ.

ಒಂದೇ ಅಂಗಡಿಯಲ್ಲಿ ಮೂರು ಕುಟುಂಬಗಳು

ಭಾರತದ ಅಂಗಡಿಗಳಲ್ಲಿ ಗೊಂದಲ ಹೆಚ್ಚಲು ಕಾರಣ, ಇಲ್ಲಿ ಮೂರು ಬೇರೆ ಬೇರೆ ಕುಟುಂಬದ ಪೈಪ್‌ಗಳು ಒಂದೇ ಬಗೆಯ ಹೆಸರಿನಲ್ಲಿ ಮಾರಾಟವಾಗುವುದು.

ಮೊದಲನೆಯದು ಕಬ್ಬಿಣದ ಪೈಪ್‌ನ ಕುಟುಂಬ. ಐಎಸ್ 1239ರ ಜಿಐ ಪೈಪ್ ಇದಕ್ಕೆ ಸೇರಿದ್ದು. ಮನೆಯೊಳಗಿನ ತಣ್ಣೀರಿಗೆ ಬಳಸುವ, ‘ಶೆಡ್ಯೂಲ್ 40’, ‘ಶೆಡ್ಯೂಲ್ 80’ ಎಂದು ಮುದ್ರಿತವಾಗಿರುವ ಯುಪಿವಿಸಿ ಪೈಪ್‌ಗೂ ಇದೇ ಹೊರವ್ಯಾಸ. ಅರ್ಧ ಇಂಚಿಗೆ 21.3, ಒಂದು ಇಂಚಿಗೆ 33.4, ಎರಡು ಇಂಚಿಗೆ 60.3 ಮಿ.ಮೀ.

ಎರಡನೆಯದು ತಾಮ್ರದ ಕೊಳವೆಯ ಕುಟುಂಬ. ಐಎಸ್ 15778ರ ಸಿಪಿವಿಸಿ ಪೈಪ್ ಇದರದ್ದು. ಇಲ್ಲಿನ ಲೆಕ್ಕ ಸರಳ: ಹೆಸರಿನ ಇಂಚಿಗೆ ಎಂಟನೇ ಒಂದು ಇಂಚು, ಅಂದರೆ 3.2 ಮಿ.ಮೀ. ಸೇರಿಸಿದರೆ ಹೊರವ್ಯಾಸ. ಅರ್ಧ ಇಂಚಿಗೆ 15.9, ಮುಕ್ಕಾಲಿಗೆ 22.2, ಒಂದು ಇಂಚಿಗೆ 28.6 ಮಿ.ಮೀ.

ಮೂರನೆಯದು ಅಪ್ಪಟ ಮಿ.ಮೀ. ಕುಟುಂಬ. ಹೊಲ, ಬೋರ್‌ವೆಲ್, ಊರಿನ ನೀರಿನ ಲೈನ್‌ಗೆ ಬಳಸುವ ಐಎಸ್ 4985ರ ಪಿವಿಸಿ, ಐಎಸ್ 4984ರ ಎಚ್‌ಡಿಪಿಇ ಮತ್ತು ಪಿಪಿಆರ್ ಪೈಪ್‌ಗಳು ಇದಕ್ಕೆ ಸೇರುತ್ತವೆ. ಇಲ್ಲಿ ಹೇಳುವ ಅಳತೆಯೇ ಹೊರವ್ಯಾಸ: 20, 25, 32, 40, 50, 63, 75, 90, 110 ಮಿ.ಮೀ. ಹೆಸರು ಮತ್ತು ಅಳತೆ ಒಂದೇ ಆಗಿರುವ ಪ್ರಾಮಾಣಿಕ ಕುಟುಂಬ ಇದೊಂದೇ. ಆದರೆ ಮಾತಿನಲ್ಲಿ ಇದಕ್ಕೂ ಇಂಚು ಅಂಟಿಕೊಂಡಿದೆ. 63 ಮಿ.ಮೀ. ಪೈಪ್ ‘ಎರಡು ಇಂಚು’, 90 ‘ಮೂರು ಇಂಚು’, 110 ‘ನಾಲ್ಕು ಇಂಚು’ ಆಗಿಬಿಟ್ಟಿವೆ. ತೊಂದರೆ ಶುರುವಾಗುವುದು ಇಲ್ಲಿಯೇ.

ಫ್ಲಾಟ್‌ನ ನೀರು ಕಡಿಮೆಯಾಗಿದ್ದು ಹೇಗೆ?

ಮುಂಬೈ ಅಥವಾ ಪುಣೆಯ ಹಳೆಯ ಸೊಸೈಟಿಯೊಂದರ ಕೊನೆಯ ಮಹಡಿಯ ಫ್ಲಾಟ್ ಎಂದುಕೊಳ್ಳಿ. ತಾರಸಿಯ ಟ್ಯಾಂಕ್‌ನಿಂದ ಬಾತ್‌ರೂಮಿನವರೆಗೆ ಅರ್ಧ ಇಂಚಿನ ಜಿಐ ಪೈಪ್ ಇದೆ. ತುಕ್ಕು ಹಿಡಿದಿದೆ. ಮನೆಯವರು ‘ಅರ್ಧ ಇಂಚಿನದ್ದೇ ಸಿಪಿವಿಸಿ ಹಾಕಿ’ ಎನ್ನುತ್ತಾರೆ. ಪ್ಲಂಬರ್ ಹಾಕುತ್ತಾನೆ. ಟೈಲ್ಸ್ ಕೂರಿಸಿದ ಮೇಲೆ ನೋಡಿದರೆ ಶವರ್‌ನಿಂದ ನೀರು ದಾರದಂತೆ ಇಳಿಯುತ್ತದೆ.

ಅಳತೆ ನೋಡೋಣ. ಅರ್ಧ ಇಂಚಿನ ಮಧ್ಯಮ ದರ್ಜೆಯ ಜಿಐ ಪೈಪ್‌ನ ಗೋಡೆ ಸುಮಾರು 2.6 ಮಿ.ಮೀ. ಎರಡೂ ಬದಿಯ ಗೋಡೆ ಕಳೆದರೆ 21.3ರಲ್ಲಿ ಉಳಿಯುವುದು 16.1 ಮಿ.ಮೀ. ಅರ್ಧ ಇಂಚಿನ ಎಸ್‌ಡಿಆರ್ 11 ಸಿಪಿವಿಸಿ ಪೈಪ್‌ನ ಗೋಡೆ ಸುಮಾರು 1.7 ಮಿ.ಮೀ. ಇಲ್ಲಿ 15.9ರಲ್ಲಿ ಉಳಿಯುವುದು 12.5 ಮಿ.ಮೀ. ಮಾತ್ರ.

ವ್ಯಾಸದಲ್ಲಿ ನಾಲ್ಕು ಮಿ.ಮೀ. ಕೂಡ ಇಲ್ಲ, ಅಷ್ಟರಿಂದ ಏನಾದೀತು ಅನ್ನಿಸಬಹುದು. ಆದರೆ ನೀರು ಹರಿಯುವುದು ವಿಸ್ತೀರ್ಣದಲ್ಲಿ. 16.1 ಮಿ.ಮೀ. ರಂಧ್ರದ ವಿಸ್ತೀರ್ಣ ಸುಮಾರು 204 ಚದರ ಮಿ.ಮೀ. 12.5 ಮಿ.ಮೀ. ರಂಧ್ರದ್ದು ಸುಮಾರು 123. ಅಂದರೆ ದಾರಿ ಶೇ. 40ರಷ್ಟು ಕಿರಿದಾಯಿತು. ಒಂದೇ ಪ್ರಮಾಣದ ನೀರನ್ನು ಕಿರಿದಾದ ಕೊಳವೆಯಲ್ಲಿ ಕಳಿಸಬೇಕಾದಾಗ ಘರ್ಷಣೆಯಿಂದ ಕಳೆದುಹೋಗುವ ಒತ್ತಡ ವ್ಯಾಸದ ಸುಮಾರು ಐದನೇ ಘಾತದ ಲೆಕ್ಕದಲ್ಲಿ ಏರುತ್ತದೆ. ಇಲ್ಲಿ ಅದು ಮೂರು ಪಟ್ಟಿಗೂ ಹೆಚ್ಚು.

ಕೆಳಗಿನ ಮಹಡಿಯವರಿಗೆ ಇದು ಗೊತ್ತೇ ಆಗದಿರಬಹುದು. ಅವರ ನಲ್ಲಿಯ ಮೇಲೆ ಹತ್ತಾರು ಮೀಟರ್ ನೀರಿನ ಭಾರವಿರುತ್ತದೆ. ಕೊನೆಯ ಮಹಡಿಯಲ್ಲಿ ಟ್ಯಾಂಕ್ ಮೂರ್ನಾಲ್ಕು ಮೀಟರ್ ಎತ್ತರದಲ್ಲಷ್ಟೇ ಇರುತ್ತದೆ. ಒತ್ತಡ ಸಿಗುವುದೇ 0.3ರಿಂದ 0.4 ಕೆಜಿ. ಅದರಲ್ಲಿ ಪೈಪ್ ತಿಂದುಬಿಟ್ಟರೆ ಶವರ್‌ಗೆ ಉಳಿಯುವುದೇನು?

ಈ ಹೋಲಿಕೆ ಹೊಸ ಜಿಐ ಪೈಪ್‌ನದ್ದು ಎನ್ನುವುದನ್ನು ನೆನಪಿಡಬೇಕು. ತುಕ್ಕಿನಿಂದ ಅರ್ಧ ಮುಚ್ಚಿಹೋದ ಪೈಪ್ ತೆಗೆದು ನುಣುಪಾದ ಸಿಪಿವಿಸಿ ಹಾಕಿದರೆ, ಕಿರಿದಾದರೂ ಮೊದಲಿಗಿಂತ ಹೆಚ್ಚು ನೀರು ಬರಬಹುದು. ಆದರೆ ಒಮ್ಮೆ ಗೋಡೆ ಒಡೆದ ಮೇಲೆ ಸರಿಯಾದ ಹೋಲಿಕೆ ಹೊಸ ಪೈಪ್‌ನೊಂದಿಗೇ ಆಗಬೇಕು.

ಪರಿಹಾರ ಸುಲಭ. ಅರ್ಧ ಇಂಚಿನ ಜಿಐ ಬದಲಿಗೆ ಮುಕ್ಕಾಲು ಇಂಚಿನ ಸಿಪಿವಿಸಿ ಹಾಕಬೇಕು. ಅದರ ಹೊರವ್ಯಾಸ 22.2, ಒಳವ್ಯಾಸ ಸುಮಾರು 18.2 ಮಿ.ಮೀ. ಹಳೆಯ ಪೈಪ್‌ಗಿಂತ ಒಂದಿಷ್ಟು ಹೆಚ್ಚೇ. ಗೋಡೆಯಲ್ಲಿ ಕೊರೆದ ಗಾಡಿಯೂ ಹೆಚ್ಚುಕಡಿಮೆ ಅಷ್ಟೇ ಅಗಲ, ಏಕೆಂದರೆ 21.3 ಮತ್ತು 22.2ರ ನಡುವೆ ವ್ಯತ್ಯಾಸ ಒಂದು ಮಿ.ಮೀ. ಕೂಡ ಇಲ್ಲ. ನಲ್ಲಿಯ ಥ್ರೆಡ್ ಅರ್ಧ ಇಂಚೇ ಆಗಿರುವುದರಿಂದ ಕೊನೆಯಲ್ಲಿ ‘20×15’ ಹಿತ್ತಾಳೆ ಥ್ರೆಡ್‌ನ ಎಲ್ಬೋ ಹಾಕಿದರೆ ಸಾಕು. ಒಂದು ಬದಿ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪ್ ಅಂಟಿಸುವ ಸಾಕೆಟ್, ಇನ್ನೊಂದು ಬದಿ ಅರ್ಧ ಇಂಚಿನ ಥ್ರೆಡ್. ಆ ಎಲ್ಬೋದಲ್ಲಿ ದಾರಿ ಕಿರಿದಾಗುವುದಿಲ್ಲವೇ? ಆಗುತ್ತದೆ. ಆದರೆ ಎರಡು-ಮೂರು ಸೆಂ.ಮೀ. ಉದ್ದದ ಕಿರಿದಾದ ಜಾಗ ಕಸಿಯುವ ಒತ್ತಡ, ಹತ್ತು ಮೀಟರ್ ಉದ್ದದ ಕಿರಿದಾದ ಪೈಪ್ ಕಸಿಯುವುದಕ್ಕೆ ಹೋಲಿಸಿದರೆ ತೀರಾ ಕಡಿಮೆ.

ಪಿಪಿಆರ್ ಹಾಕಿಸುವವರೂ ಇದೇ ಲೆಕ್ಕ ಮಾಡಬೇಕು. ‘ಅರ್ಧ ಇಂಚು’ ಎಂದು ಕೊಡುವ 20 ಮಿ.ಮೀ. ಪಿಪಿಆರ್ ಪೈಪ್‌ನ ಪಿಎನ್ 20 ದರ್ಜೆಯಲ್ಲಿ ಗೋಡೆಯೇ 3.4 ಮಿ.ಮೀ. ಒಳವ್ಯಾಸ 13.2 ಮಾತ್ರ. ಜಿಐ ಪೈಪ್‌ನಷ್ಟು ದಾರಿ ಬೇಕೆಂದರೆ 25 ಮಿ.ಮೀ. ಪಿಪಿಆರ್ ಹಾಕಬೇಕು, ಅದರ ಒಳವ್ಯಾಸ 16.6 ಮಿ.ಮೀ.

ಹತ್ತಿರದ ಅಳತೆಯೇ ಹೆಚ್ಚು ಅಪಾಯಕಾರಿ

ಎರಡನೇ ತೊಂದರೆ ಜೋಡಣೆಯದ್ದು. ಬೋರ್‌ವೆಲ್ ಅಥವಾ ಸಂಪ್‌ನಿಂದ ಬರುವ ಲೈನ್ 63 ಮಿ.ಮೀ. ಪಿವಿಸಿ. ಕಟ್ಟಡದ ಒಳಗೆ ಏರುವ ಲೈನ್ ಶೆಡ್ಯೂಲ್ 40 ಯುಪಿವಿಸಿ, ಎರಡು ಇಂಚು. ಎರಡೂ ‘ಎರಡು ಇಂಚು’, ಎರಡೂ ಪಿವಿಸಿ. ಒಂದು ಸಾಕೆಟ್ ಇಟ್ಟು ಸಲ್ಯೂಷನ್ ಹಚ್ಚಿದರೆ ಆಯಿತಲ್ಲ?

ಆಗುವುದಿಲ್ಲ. ಒಂದರ ಹೊರವ್ಯಾಸ 63, ಇನ್ನೊಂದರದ್ದು 60.3. 63ರ ಪೈಪ್ ಎರಡು ಇಂಚಿನ ಸಾಕೆಟ್‌ನೊಳಗೆ ಹೋಗುವುದೇ ಇಲ್ಲ. ಆಗ ಸೈಟ್‌ನಲ್ಲಿ ಎರಡು ‘ಉಪಾಯ’ಗಳು ನಡೆಯುತ್ತವೆ. ಬೆಂಕಿ ತೋರಿಸಿ ಸಾಕೆಟ್ ಹಿಗ್ಗಿಸುವುದು ಅಥವಾ ಪೈಪ್‌ನ ತುದಿಯನ್ನು ಉಜ್ಜಿ ಸಣ್ಣದು ಮಾಡುವುದು. 6 ಕೆಜಿ ದರ್ಜೆಯ 63 ಮಿ.ಮೀ. ಪಿವಿಸಿ ಪೈಪ್‌ನ ಗೋಡೆ ಇರುವುದೇ ಸುಮಾರು 2 ಮಿ.ಮೀ. ಪ್ರತಿ ಬದಿಯಲ್ಲಿ 1.35 ಮಿ.ಮೀ. ಉಜ್ಜಿದರೆ ಅರ್ಧಕ್ಕಿಂತ ಹೆಚ್ಚು ಗೋಡೆ ಹೋಗುತ್ತದೆ. ಹಿಗ್ಗಿಸಿದ ಸಾಕೆಟ್ ತೆಳುವಾಗುವುದಷ್ಟೇ ಅಲ್ಲ, ಬಿಸಿಲಿಗೆ ಅಥವಾ ಬಿಸಿನೀರಿಗೆ ಕಾದಾಗ ಮತ್ತೆ ತನ್ನ ಹಳೆಯ ಆಕಾರಕ್ಕೆ ಮರಳಲು ಎಳೆಯುತ್ತಿರುತ್ತದೆ.

ಇದಕ್ಕಿಂತ ಅಪಾಯಕಾರಿ ಮೂರು ಇಂಚು. ಇಂಚಿನ ಕುಟುಂಬದಲ್ಲಿ ಅದರ ಹೊರವ್ಯಾಸ 88.9, ಮಿ.ಮೀ. ಕುಟುಂಬದಲ್ಲಿ 90. ವ್ಯತ್ಯಾಸ 1.1 ಮಿ.ಮೀ. ಮಾತ್ರ. 88.9ರ ಪೈಪ್ 90ರ ಸಾಕೆಟ್‌ನೊಳಗೆ ಸಲೀಸಾಗಿ ಇಳಿಯುತ್ತದೆ. ಸಲ್ಯೂಷನ್ ಹಚ್ಚಿದರೆ ಹಿಡಿದಂತೆಯೂ ಕಾಣುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಸಲ್ಯೂಷನ್ ಎನ್ನುವುದು ಸಂದು ತುಂಬುವ ಅಂಟಲ್ಲ. ಅದು ಪೈಪ್ ಮತ್ತು ಸಾಕೆಟ್‌ನ ಮೇಲ್ಮೈಯನ್ನು ಕರಗಿಸಿ, ಎರಡೂ ಒಂದಕ್ಕೊಂದು ಒತ್ತಿಕೊಂಡಿರುವಾಗ ಬೆಸೆಯುತ್ತದೆ. ಅದಕ್ಕಾಗಿಯೇ ಫಿಟ್ಟಿಂಗ್‌ನ ಸಾಕೆಟ್ ಒಳಕ್ಕೆ ಹೋದಂತೆ ತುಸು ಕಿರಿದಾಗುತ್ತದೆ. ಎರಡು ಇಂಚಿನ ಶೆಡ್ಯೂಲ್ 40 ಸಾಕೆಟ್‌ನ ಬಾಯಿ 60.6 ಮಿ.ಮೀ. ಇದ್ದರೆ ತಳ 60.2. ಹೀಗಾಗಿ 60.3ರ ಪೈಪ್ ನಡುವೆ ಎಲ್ಲೋ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಸುತ್ತಲೂ ಅರ್ಧ ಮಿ.ಮೀ. ಸಂದು ಉಳಿದರೆ ಈ ಒತ್ತುವಿಕೆ ಇರುವುದಿಲ್ಲ. ಸಂದಿನಲ್ಲಿ ನಿಂತ ಸಲ್ಯೂಷನ್ ಒಣಗಿದಾಗ ಅದರ ದ್ರಾವಕ ಆರಿಹೋಗಿ, ಕುಗ್ಗಿದ ತೆಳು ಪದರ ಉಳಿಯುತ್ತದೆ. ಪಂಪ್ ಶುರುವಾದಾಗ ಮತ್ತು ನಿಂತಾಗ ನೀರು ಕೊಡುವ ಹೊಡೆತಕ್ಕೆ ಅದು ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಮೊದಲು ಜಿನುಗು, ಆಮೇಲೆ ಒಂದು ದಿನ ಪೂರ್ತಿ ಕಳಚಿಕೊಳ್ಳುವುದು.

ಪತ್ತೆ ಮಾಡುವುದು ಸುಲಭ. ಸಲ್ಯೂಷನ್ ಹಚ್ಚುವ ಮೊದಲು ಪೈಪ್‌ನ ತುದಿಯನ್ನು ಸ್ವಚ್ಛ ಮಾಡಿ, ಹಾಗೇ ಒಣದಾಗಿ ಸಾಕೆಟ್‌ಗೆ ಒತ್ತಿ ನೋಡಬೇಕು. ಸಾಕೆಟ್‌ನ ಮೂರನೇ ಒಂದರಿಂದ ಮೂರನೇ ಎರಡು ಭಾಗದಷ್ಟು ಆಳಕ್ಕೆ ಹೋಗಿ ಬಿಗಿಯಾದರೆ ಅದು ಸರಿಯಾದ ಜೋಡಿ. ತಳದವರೆಗೆ ಸಡಿಲವಾಗಿ ಇಳಿದು ಅಲುಗಾಡಿದರೆ ಕುಟುಂಬ ಬೇರೆ ಎಂದೇ ಅರ್ಥ.

ಹಾಗಾದರೆ ಎರಡು ಕುಟುಂಬ ಸೇರುವುದು ಎಲ್ಲಿ?

ಬೇರೆ ಕುಟುಂಬದ ಪೈಪ್‌ಗಳನ್ನು ನೇರವಾಗಿ ಒಂದಕ್ಕೊಂದು ಸೇರಿಸುವಂತಿಲ್ಲ. ನಡುವೆ ಇಬ್ಬರಿಗೂ ಅರ್ಥವಾಗುವ ದುಭಾಷಿ ಬೇಕು. ಸಣ್ಣ ಅಳತೆಗಳಲ್ಲಿ ಆ ದುಭಾಷಿ ಬಿಎಸ್‌ಪಿ ಥ್ರೆಡ್. ಭಾರತದ ಜಿಐ ಪೈಪ್, ನಲ್ಲಿ, ವಾಲ್ವ್, ಗೀಸರ್‌ಗಳಲ್ಲೆಲ್ಲ ಸಾಮಾನ್ಯವಾಗಿ ಇರುವುದು ಇದೇ. ಎರಡು ಇಂಚಿನ ಬಿಎಸ್‌ಪಿ ಥ್ರೆಡ್ ಯಾವ ಕುಟುಂಬದ ಅಡಾಪ್ಟರ್‌ನಲ್ಲಿದ್ದರೂ ಒಂದೇ ಅಳತೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, 63 ಮಿ.ಮೀ. ಪೈಪ್‌ಗೆ 63ರ ಸಾಕೆಟ್ ಇರುವ ಎರಡು ಇಂಚಿನ ಹೊರಥ್ರೆಡ್ ಅಡಾಪ್ಟರ್ ಅಂಟಿಸಬೇಕು. ಅಂಗಡಿಯಲ್ಲಿ ಇದಕ್ಕೆ ಎಂಟಿಎ ಎನ್ನುತ್ತಾರೆ. ಇತ್ತ ಶೆಡ್ಯೂಲ್ 40 ಪೈಪ್‌ಗೆ ಅದೇ ಕುಟುಂಬದ ಎರಡು ಇಂಚಿನ ಒಳಥ್ರೆಡ್ ಅಡಾಪ್ಟರ್, ಅಂದರೆ ಎಫ್‌ಟಿಎ ಅಂಟಿಸಬೇಕು. ಸಲ್ಯೂಷನ್ ಪೂರ್ತಿ ಒಣಗಿದ ಮೇಲೆ ಟೆಫ್ಲಾನ್ ಟೇಪ್ ಸುತ್ತಿ ಎರಡನ್ನೂ ತಿರುಗಿಸಿ ಸೇರಿಸಬೇಕು. ಪೈಪ್ ತಿರುಗಿಸಲು ಜಾಗವಿಲ್ಲದಿದ್ದರೆ ನಡುವೆ ಯೂನಿಯನ್ ಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜಿಐ ಪೈಪ್‌ನ ಹೊರಥ್ರೆಡ್ ತುದಿಯಿಂದ ಹಿಂದಕ್ಕೆ ಹೋದಂತೆ ದಪ್ಪವಾಗುತ್ತದೆ, ಬೆಣೆಯ ಹಾಗೆ. ಅದನ್ನು ಬರೀ ಪ್ಲಾಸ್ಟಿಕ್ ಒಳಥ್ರೆಡ್‌ಗೆ ಹಾಕಿ ಪೈಪ್ ರೆಂಚ್‌ನಿಂದ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳಿಕೊಳ್ಳುತ್ತದೆ. ಕೆಲವೊಮ್ಮೆ ತಕ್ಷಣ ಅಲ್ಲ, ವಾರಗಳ ನಂತರ. ಜಿಐಗೆ ಸೇರುವ ಕಡೆ ಹಿತ್ತಾಳೆಯ ಥ್ರೆಡ್ ಕೂರಿಸಿದ ಎಫ್‌ಟಿಎ ಬಳಸುವುದು ಅದಕ್ಕೇ.

ಆಮದು ಮಾಡಿದ ಪಂಪ್, ಫಿಲ್ಟರ್‌ಗಳಲ್ಲಿ ಅಮೆರಿಕದ ಎನ್‌ಪಿಟಿ ಥ್ರೆಡ್ ಇರಬಹುದು. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದು ಇನ್ನೊಂದರಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಹಲ್ಲಿನ ಕೋನ ಬಿಎಸ್‌ಪಿಯಲ್ಲಿ 55 ಡಿಗ್ರಿ, ಎನ್‌ಪಿಟಿಯಲ್ಲಿ 60 ಡಿಗ್ರಿ. ಎಷ್ಟು ಟೇಪ್ ಸುತ್ತಿದರೂ ಸೋರಿಕೆಯ ಭಯ ಉಳಿಯುತ್ತದೆ. ಒಂದು ಇಂಚಿನಲ್ಲಿ 11 ಮತ್ತು 11.5 ಸುತ್ತಿನ ವ್ಯತ್ಯಾಸವಿರುವುದರಿಂದ ಕೆಲವೇ ಸುತ್ತಿಗೆ ಸಿಕ್ಕಿಕೊಂಡು ತಾನೇ ತಿಳಿಸಿಬಿಡುತ್ತದೆ. ಇಲ್ಲಿಯೂ ಮೋಸ ಮಾಡುವುದು ಹತ್ತಿರದ ಅಳತೆಯೇ.

ಮೂರು, ನಾಲ್ಕು ಇಂಚಿನ ದೊಡ್ಡ ಲೈನ್‌ಗಳಲ್ಲಿ ದುಭಾಷಿಯ ಕೆಲಸ ಫ್ಲ್ಯಾಂಜ್‌ನದ್ದು. ಪ್ರತಿ ಪೈಪ್‌ಗೆ ಅದರದ್ದೇ ಕುಟುಂಬದ ಫ್ಲ್ಯಾಂಜ್ ಕೂರಿಸಿ, ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಹಾಕುತ್ತಾರೆ. ಆಗ 110ರ ಪೈಪ್ ಮತ್ತು 114.3ರ ಪೈಪ್ ಒಂದನ್ನೊಂದು ಮುಟ್ಟುವುದೇ ಇಲ್ಲ. ಆದರೆ ಫ್ಲ್ಯಾಂಜ್‌ನ ಬೋಲ್ಟ್ ತೂತುಗಳು ಒಂದೇ ಮಾನದಂಡದವಾಗಿರಬೇಕು. ನಾಲ್ಕು ಇಂಚಿನ ಪಿಎನ್ 16 ಫ್ಲ್ಯಾಂಜ್‌ಗೂ ಅಮೆರಿಕದ ಕ್ಲಾಸ್ 150 ಫ್ಲ್ಯಾಂಜ್‌ಗೂ ಎಂಟೇ ತೂತು. ಆದರೆ ಒಂದರಲ್ಲಿ ತೂತುಗಳ ವೃತ್ತ 180 ಮಿ.ಮೀ., ಇನ್ನೊಂದರಲ್ಲಿ 190.5. ಎಣಿಸಿ ನೋಡಿ ಕೊಂಡರೆ ಸಾಲದು, ಅಳೆದೇ ಕೊಳ್ಳಬೇಕು.

ಟೇಲರ್ ಟೇಪ್ ಇದ್ದರೆ ಸಾಕು

ಹುದುಗಿರುವ ಪೈಪ್ ಯಾವ ಕುಟುಂಬದ್ದು ಎಂದು ತಿಳಿಯಲು ಮೊದಲು ಅದರ ಮೇಲಿನ ಮುದ್ರಣ ಓದಬೇಕು. ಐಎಸ್ ಸಂಖ್ಯೆ ಕಂಡರೆ ಕೆಲಸ ಮುಗಿಯಿತು. ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಹೊರವ್ಯಾಸ ನೋಡಬಹುದು. ಪ್ಲಾಸ್ಟಿಕ್ ಪೈಪ್ ಬಿಸಿಲಿಗೆ ಸ್ವಲ್ಪ ಮೊಟ್ಟೆಯಾಕಾರ ಆಗಿರಬಹುದಾದ್ದರಿಂದ ಎರಡು ದಿಕ್ಕಿನಲ್ಲಿ ಅಳೆಯುವುದು ಒಳ್ಳೆಯದು.

ಕ್ಯಾಲಿಪರ್ ಇಲ್ಲವೇ? ಬಟ್ಟೆ ಹೊಲಿಯುವವರ ಟೇಪ್‌ನಿಂದ ಸುತ್ತಳತೆ ತೆಗೆದು 3.14ರಿಂದ ಭಾಗಿಸಿದರೆ ವ್ಯಾಸ. ಸುತ್ತಳತೆಯಲ್ಲಿ ವ್ಯತ್ಯಾಸ ಮೂರು ಪಟ್ಟು ದೊಡ್ಡದಾಗಿ ಕಾಣುವುದರಿಂದ ಇದು ಸ್ಕೇಲ್‌ನಲ್ಲಿ ಅಡ್ಡ ಅಳೆಯುವುದಕ್ಕಿಂತ ನಂಬಿಕೆಗೆ ಅರ್ಹ.

- ಎರಡು ಇಂಚು: ಸುತ್ತಳತೆ ಸುಮಾರು 189 ಮಿ.ಮೀ. ಇದ್ದರೆ ಇಂಚಿನ ಕುಟುಂಬ, 198 ಇದ್ದರೆ 63 ಮಿ.ಮೀ. ಪೈಪ್
- ಮೂರು ಇಂಚು: 279 ಇದ್ದರೆ ಇಂಚಿನದು, 283 ಇದ್ದರೆ 90 ಮಿ.ಮೀ. ಪೈಪ್
- ನಾಲ್ಕು ಇಂಚು: 359 ಇದ್ದರೆ ಇಂಚಿನದು, 346 ಇದ್ದರೆ 110 ಮಿ.ಮೀ. ಪೈಪ್

ನಾಲ್ಕು ಇಂಚಿನಲ್ಲಿ ಲೆಕ್ಕ ತಿರುಗಿರುವುದನ್ನು ಗಮನಿಸಿ. ಎರಡು ಮತ್ತು ಮೂರು ಇಂಚಿನಲ್ಲಿ ಮಿ.ಮೀ. ಕುಟುಂಬದ ಪೈಪ್ ದೊಡ್ಡದು, ನಾಲ್ಕರಲ್ಲಿ ಇಂಚಿನ ಕುಟುಂಬದ್ದು. ‘ಹೊಲದ ಪೈಪ್ ಯಾವಾಗಲೂ ಸ್ವಲ್ಪ ದಪ್ಪ’ ಎಂಬ ಅಂದಾಜು ಇಲ್ಲಿ ಕೈಕೊಡುತ್ತದೆ.

ಅಳೆಯುವಾಗ ಬಣ್ಣ, ತುಕ್ಕು, ಮಣ್ಣು ಕೆರೆದಿರಬೇಕು. ಜಿಐ ಪೈಪ್‌ನಲ್ಲಿ ತಯಾರಿಕೆಯ ವ್ಯತ್ಯಾಸಕ್ಕೂ ಅವಕಾಶವಿದೆ. ಅರ್ಧ ಇಂಚಿನ ಪೈಪ್ 21.0ರಿಂದ 21.8ರವರೆಗೆ ಇರಬಹುದು. 21.5 ಬಂದರೆ ಗಾಬರಿಯಾಗಬೇಕಿಲ್ಲ, ಅದು ಅರ್ಧ ಇಂಚೇ.

ಅಂಗಡಿಯ ಚೀಟಿಯಲ್ಲಿ ‘ಎರಡು ಇಂಚಿನ ಜಾಯಿಂಟ್ 1’ ಎಂದು ಬರೆದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ‘ಒಂದು ಬದಿ 63 ಮಿ.ಮೀ. ಪಿವಿಸಿ, ಐಎಸ್ 4985. ಇನ್ನೊಂದು ಬದಿ ಶೆಡ್ಯೂಲ್ 40, ಹೊರವ್ಯಾಸ 60.3; ನಡುವೆ ಎರಡು ಇಂಚಿನ ಬಿಎಸ್‌ಪಿ ಥ್ರೆಡ್’ ಎಂದು ಬರೆದರೆ ಬೇರೆ ಏನನ್ನೂ ಕೊಡಲು ಬರುವುದಿಲ್ಲ.